ಪ್ಯಾರಾದಿಂದ ಕಾಲರೇಖೆಗೆ: ಇತಿಹಾಸದ ನೋಟ್ಸ್ ಇಸವಿಗಳ ಸಾಲಾಗುವ ಬಗೆ

ಇತಿಹಾಸದ ಪಾಠ ಕೇಳುವಾಗ ಎಲ್ಲವೂ ಅರ್ಥವಾಗುತ್ತದೆ. ಪರೀಕ್ಷೆಯ ಹಿಂದಿನ ವಾರ ನೋಟ್ಸ್ ತೆರೆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಗೋಜಲಾಗಿ ಕಾಣುತ್ತದೆ. ಇದು ನೆನಪಿನ ಶಕ್ತಿಯ ದೋಷವಲ್ಲ. ಉಪನ್ಯಾಸಕರು ವಿಷಯವನ್ನು ಬಿಡಿಸಿ ಹೇಳುವ ಕ್ರಮ ಬೇರೆ, ಘಟನೆಗಳು ನಡೆದ ಕ್ರಮ ಬೇರೆ. ಅವರು ಫಲಿತಾಂಶವನ್ನು ಮೊದಲು ಹೇಳಿ, ಆಮೇಲೆ ಕಾರಣ ಹುಡುಕಿಕೊಂಡು ಹಿಂದಕ್ಕೆ ಹೋಗುತ್ತಾರೆ. ಪಾಠಕ್ಕೆ ಅದು ಸರಿಯಾದ ದಾರಿಯೇ. ಆದರೆ ನೆನಪಿಟ್ಟುಕೊಳ್ಳುವವರು ಅದನ್ನು ಮತ್ತೆ ಕಾಲಕ್ರಮಕ್ಕೆ ತರಬೇಕು.

ಎರಡನೇ ಆಂಗ್ಲೋ-ಮೈಸೂರು ಯುದ್ಧವನ್ನೇ ತೆಗೆದುಕೊಳ್ಳೋಣ. ತರಗತಿಯ ನೋಟ್ಸ್‌ನಲ್ಲಿ ಅದು ಹೆಚ್ಚುಕಡಿಮೆ ಹೀಗಿರುತ್ತದೆ:

"1784ರ ಮಂಗಳೂರು ಒಪ್ಪಂದದೊಂದಿಗೆ ಎರಡನೇ ಯುದ್ಧ ಮುಗಿಯಿತು. ಇದರ ಮೂಲ ಕಾರಣ 1769ರ ಮದ್ರಾಸು ಒಪ್ಪಂದದಲ್ಲಿದೆ. ಮೈಸೂರಿನ ಮೇಲೆ ಬೇರೆಯವರು ದಾಳಿ ಮಾಡಿದರೆ ನೆರವಿಗೆ ಬರುವುದಾಗಿ ಇಂಗ್ಲಿಷರು ಆಗ ಒಪ್ಪಿದ್ದರು. ಎರಡು ವರ್ಷಗಳ ನಂತರ ಮರಾಠರು ದಾಳಿ ಮಾಡಿದಾಗ ಅವರು ಬರಲಿಲ್ಲ. ಯುದ್ಧದ ಹಿಂದಿನ ವರ್ಷ, ಹೈದರನ ರಕ್ಷಣೆಯಲ್ಲಿದ್ದ ಫ್ರೆಂಚರ ಮಾಹೆ ಬಂದರನ್ನು ಇಂಗ್ಲಿಷರು ಹಿಡಿದರು. 1780ರಲ್ಲಿ ಹೈದರ್ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿ ಪೊಲ್ಲಿಲೂರಿನಲ್ಲಿ ಬೇಲಿಯ ಪಡೆಯನ್ನು ಸೋಲಿಸಿದ. ಮರುವರ್ಷ ಪೋರ್ಟೊ ನೋವೊದಲ್ಲಿ ಐರ್ ಕೂಟ್‌ನ ಕೈಯಲ್ಲಿ ಸೋತ. ಯುದ್ಧದ ನಡುವೆಯೇ ಹೈದರ್ ತೀರಿಕೊಂಡ. ಟಿಪ್ಪು ಯುದ್ಧ ಮುಂದುವರಿಸಿದ."

ಈ ಪ್ಯಾರಾದಲ್ಲಿ ಏಳು ಘಟನೆಗಳಿವೆ, ನೇರವಾಗಿ ಬರೆದ ಇಸವಿಗಳು ಮೂರೇ. ಉಳಿದ ಕಾಲವೆಲ್ಲ "ಎರಡು ವರ್ಷಗಳ ನಂತರ", "ಹಿಂದಿನ ವರ್ಷ", "ಮರುವರ್ಷ", "ನಡುವೆಯೇ" ಎಂಬ ಮಾತುಗಳಲ್ಲಿ ಅಡಗಿದೆ. ಮೊದಲ ಕೆಲಸ ಈ ಮಾತುಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಮೇಲೆ ಇಸವಿ ಬರೆಯುವುದು. ಮದ್ರಾಸು ಒಪ್ಪಂದದಿಂದ ಎರಡು ವರ್ಷವೆಂದರೆ 1771. ಯುದ್ಧದ ಹಿಂದಿನ ವರ್ಷ 1779. ಮರುವರ್ಷ 1781. "ಯುದ್ಧದ ನಡುವೆ" ಎಂಬುದನ್ನು ಮಾತ್ರ ಲೆಕ್ಕ ಹಾಕಿ ತಿಳಿಯಲಾಗದು. ಪಠ್ಯಪುಸ್ತಕ ತೆಗೆದು ನೋಡಿದರೆ ಹೈದರ್ ತೀರಿಕೊಂಡದ್ದು 1782ರ ಡಿಸೆಂಬರ್‌ನಲ್ಲಿ ಎಂದು ಸಿಗುತ್ತದೆ. ನೋಟ್ಸ್ ಎಲ್ಲಿ ಅರೆಬರೆಯಾಗಿದೆ ಎಂಬುದು ಗೊತ್ತಾಗುವುದೂ ಈ ಹಂತದಲ್ಲೇ.

ಎರಡನೆಯ ಕೆಲಸ, ಒಂದು ಘಟನೆಗೆ ಒಂದೇ ಸಾಲು ಬರೆಯುವುದು. ಎಡಕ್ಕೆ ಇಸವಿ, ನಂತರ ಯಾರು ಏನು ಮಾಡಿದರು ಎಂಬುದು, ಕೊನೆಗೆ ಬಾಣದ ಗುರುತು ಹಾಕಿ ಅದರಿಂದ ಏನಾಯಿತು ಎಂಬುದು.

1769 – ಮದ್ರಾಸು ಒಪ್ಪಂದ. ನೆರವಿನ ಭರವಸೆ → ಮೊದಲ ಯುದ್ಧ ಮುಕ್ತಾಯ
1771 – ಮರಾಠರ ದಾಳಿ, ಇಂಗ್ಲಿಷರು ಬರಲಿಲ್ಲ → ಹೈದರನ ನಂಬಿಕೆ ಹೋಯಿತು
1779 – ಇಂಗ್ಲಿಷರಿಗೆ ಮಾಹೆ ವಶ → ಯುದ್ಧಕ್ಕೆ ತಕ್ಷಣದ ಕಾರಣ
1780 – ಪೊಲ್ಲಿಲೂರು, ಹೈದರನಿಗೆ ಗೆಲುವು → ಐರ್ ಕೂಟ್ ರಂಗಕ್ಕೆ
1781 – ಪೋರ್ಟೊ ನೋವೊ, ಹೈದರನಿಗೆ ಸೋಲು → ಯುದ್ಧ ನಿಲ್ಲಲಿಲ್ಲ
1782 ಡಿಸೆಂಬರ್ – ಹೈದರನ ಮರಣ → ಟಿಪ್ಪುವಿನ ನಾಯಕತ್ವ
1784 – ಮಂಗಳೂರು ಒಪ್ಪಂದ → ಗೆದ್ದ ಪ್ರದೇಶಗಳು ಪರಸ್ಪರ ವಾಪಸ್

ಬಾಣದ ನಂತರದ ಮಾತನ್ನು ಬಿಟ್ಟರೆ ಇದು ಬರೀ ಇಸವಿಗಳ ಪಟ್ಟಿ. ಅದನ್ನು ಗಿಣಿಪಾಠ ಮಾಡಿದರೆ ಎರಡು ದಿನದಲ್ಲಿ ಮರೆಯುತ್ತದೆ. ಬಾಣವಿದ್ದರೆ ಒಂದು ಸಾಲು ಮುಂದಿನದನ್ನು ಎಳೆದು ತರುತ್ತದೆ. 1771ರಲ್ಲಿ ಇಂಗ್ಲಿಷರು ಮಾತು ತಪ್ಪಿದರು ಎಂಬುದು ನೆನಪಿದ್ದರೆ, ಹೈದರ್ 1780ರಲ್ಲಿ ಯಾಕೆ ದಂಡೆತ್ತಿ ಹೋದ ಎಂಬುದಕ್ಕೆ ಅರ್ಧ ಉತ್ತರ ಸಿಕ್ಕಂತೆ.

ಮೂರನೆಯದು, ಬೇರೆ ಅಧ್ಯಾಯದ ಘಟನೆಯನ್ನು ಇಲ್ಲಿಗೆ ತಂದು ಸೇರಿಸುವುದು. 1782ರ ಮೇ ತಿಂಗಳಲ್ಲಿ ಮರಾಠರು ಇಂಗ್ಲಿಷರೊಂದಿಗೆ ಸಾಲ್ಬಾಯಿ ಒಪ್ಪಂದ ಮಾಡಿಕೊಂಡರು. ಇದು ಮರಾಠರ ಅಧ್ಯಾಯದಲ್ಲಿ ಬರುವುದರಿಂದ ಮೈಸೂರಿನ ನೋಟ್ಸ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಇಂಗ್ಲಿಷರ ವಿರುದ್ಧ ಜೊತೆಗಿದ್ದ ಮರಾಠರು ಹಿಂದೆ ಸರಿದದ್ದರಿಂದ ಮೈಸೂರು ಒಂಟಿಯಾದದ್ದು ಈ ಸಾಲು ಸೇರಿಸಿದಾಗ ಕಣ್ಣಿಗೆ ಕಾಣುತ್ತದೆ. ಒಂದೇ ಇಸವಿಯಲ್ಲಿ ಎರಡು ಘಟನೆ ಬಂದಾಗ ಮಾತ್ರ ತಿಂಗಳು ಬರೆದರೆ ಸಾಕು: ಮೇನಲ್ಲಿ ಸಾಲ್ಬಾಯಿ, ಡಿಸೆಂಬರ್‌ನಲ್ಲಿ ಹೈದರನ ಮರಣ. ಎಲ್ಲದಕ್ಕೂ ದಿನಾಂಕ, ತಿಂಗಳು ಬರೆಯಹೊರಟರೆ ಕಾಲರೇಖೆ ಮತ್ತೆ ಪ್ಯಾರಾದಷ್ಟೇ ದಟ್ಟವಾಗುತ್ತದೆ.

ನಾಲ್ಕೂ ಯುದ್ಧಗಳನ್ನು ಒಟ್ಟಿಗೆ ಬರೆಯುವಾಗ ಮೊದಲು ಕೊನೆಯ ವರ್ಷಗಳನ್ನು ನಿಲ್ಲಿಸಿಕೊಳ್ಳಬೇಕು: 1769 ಮದ್ರಾಸು, 1784 ಮಂಗಳೂರು, 1792 ಶ್ರೀರಂಗಪಟ್ಟಣ, 1799 ಟಿಪ್ಪುವಿನ ಮರಣ. ಈ ನಾಲ್ಕು ಗಟ್ಟಿಯಾದರೆ ಉಳಿದವನ್ನು ಅವುಗಳ ಹಿಂದೆ ಮುಂದೆ ಕೂರಿಸಬಹುದು. ನೋಟ್‌ಬುಕ್ಕಿನ ಒಂದು ಗೆರೆಗೆ ಒಂದು ವರ್ಷದಂತೆ ಬಿಟ್ಟು ಎದುರುಬದುರಿನ ಎರಡು ಪುಟಗಳಲ್ಲಿ ಬರೆದರೆ ಖಾಲಿ ಜಾಗವೂ ಪಾಠ ಹೇಳುತ್ತದೆ. ಮೊದಲ ಯುದ್ಧ ಮುಗಿದು ಎರಡನೆಯದು ಶುರುವಾಗಲು 11 ವರ್ಷ ಹಿಡಿಯಿತು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಆರೇ ವರ್ಷ. 1792ರಲ್ಲಿ ಅರ್ಧದಷ್ಟು ರಾಜ್ಯ ಕಳೆದುಕೊಂಡ ಟಿಪ್ಪುವಿಗೆ ಕೊನೆಯ ಯುದ್ಧದ ಮುಂಚೆ ಸಿಕ್ಕಿದ್ದು ಏಳು ವರ್ಷ. ಈ ಅಂತರಗಳು ಪ್ಯಾರಾದಲ್ಲಿ ಕಾಣುವುದಿಲ್ಲ.

ಇಸವಿಯ ಸಾಲಿಗೆ ಕೂರದ ಸಂಗತಿಗಳೂ ಇವೆ. ಟಿಪ್ಪುವಿನ ಕಾಲದ ರೇಷ್ಮೆ ಕೃಷಿ, ರಾಕೆಟ್‌ಗಳ ಬಳಕೆ, ಕಂದಾಯದ ವ್ಯವಸ್ಥೆ ಒಂದು ದಿನದಲ್ಲಿ ನಡೆದವಲ್ಲ. ಅವುಗಳಿಗೆ ಯಾವುದೋ ಒಂದು ವರ್ಷ ಅಂಟಿಸಿದರೆ ತಪ್ಪು ಕಲಿತಂತಾಗುತ್ತದೆ. 1782ರಿಂದ 1799ರವರೆಗೆ ಅಂಚಿನಲ್ಲಿ ಉದ್ದಕ್ಕೆ ಗೆರೆ ಎಳೆದು "ಟಿಪ್ಪುವಿನ ಆಡಳಿತ" ಎಂದು ಬರೆದು, ವಿವರ ಬೇರೆ ಪುಟದಲ್ಲಿದೆ ಎಂದು ಗುರುತು ಹಾಕಿಕೊಳ್ಳುವುದು ಸರಿ.

ಬರೆದದ್ದನ್ನು ಓದುತ್ತಾ ಕೂತರೆ ಎಲ್ಲವೂ ಬಂದಂತೆಯೇ ಅನ್ನಿಸುತ್ತದೆ. ಬಂದಿದೆಯೋ ಇಲ್ಲವೋ ತಿಳಿಯಲು ಇಸವಿ ಕಾಣುವಂತೆ ಬಲಭಾಗ ಮುಚ್ಚಿ ಘಟನೆ ಹೇಳಬೇಕು. ಆಮೇಲೆ ಇಸವಿ ಮುಚ್ಚಿ, ಘಟನೆ ನೋಡಿ ವರ್ಷ ಹೇಳಬೇಕು. ಎರಡನೆಯದು ಕಷ್ಟ. ತಪ್ಪಿದ ಸಾಲಿಗೆ ಚುಕ್ಕೆ ಇಟ್ಟು, ಮರುದಿನ ಚುಕ್ಕೆಯಿರುವ ಸಾಲುಗಳನ್ನೇ ಮೊದಲು ಕೇಳಿಕೊಳ್ಳಬೇಕು. ಮಂಗಳೂರು ಒಪ್ಪಂದಕ್ಕೆ ಸಹಿ ಹಾಕಿದ್ದು ಹೈದರ್ ಎಂದು ಬಾಯಿಗೆ ಬಂದರೆ ಬರೀ ಆ ಸಾಲನ್ನು ತಿದ್ದಿದರೆ ಸಾಲದು. ತಪ್ಪು ಇರುವುದು 1782ರ ಸಾಲಿನಲ್ಲಿ. ಅದನ್ನು ಮತ್ತೊಮ್ಮೆ ಓದಿ ಕೆಳಗಿಳಿದರೆ 1784 ತಾನಾಗಿ ಸರಿಹೋಗುತ್ತದೆ.

"ಕಾಲಾನುಕ್ರಮದಲ್ಲಿ ಜೋಡಿಸಿ" ಎಂಬ ಪ್ರಶ್ನೆಗೆ ಈ ಪುಟವೊಂದೇ ಸಾಕು. "ಎರಡನೇ ಯುದ್ಧದ ಕಾರಣಗಳನ್ನು ವಿವರಿಸಿ" ಎಂದು ಹತ್ತು ಅಂಕಕ್ಕೆ ಕೇಳಿದರೆ ಸಾಲದು. ಅದಕ್ಕೆ 1769, 1771, 1779ರ ಸಾಲುಗಳನ್ನು ಹಿಡಿದು, ಒಂದೊಂದು ಬಾಣವನ್ನೂ ಮತ್ತೆ ಮೂರು ನಾಲ್ಕು ವಾಕ್ಯಗಳಾಗಿ ಬಿಡಿಸಬೇಕು. ಆದ್ದರಿಂದ ಪ್ಯಾರಾವನ್ನು ಸಾಲಾಗಿಸಿದ ಮೇಲೆ ಒಮ್ಮೆಯಾದರೂ ನೋಟ್ಸ್ ಮುಚ್ಚಿಟ್ಟು, ಸಾಲಿನಿಂದ ಪ್ಯಾರಾ ಬರೆದು ನೋಡಬೇಕು. ಯಾವ ಬಾಣದ ಹತ್ತಿರ ಪೆನ್ನು ನಿಲ್ಲುತ್ತದೋ ಪರೀಕ್ಷೆಯ ಮುಂಚೆ ಓದಿಕೊಳ್ಳಬೇಕಾದ ಭಾಗ ಅದೇ.