‘ಬರೋಕಾಗಲ್ಲ ಸರ್’ ಮತ್ತು ‘ಕೋರುತ್ತೇನೆ’

ತಾಲ್ಲೂಕು ಕಚೇರಿಯೊಂದರಲ್ಲಿ ನಾನು ಮೇಲ್ವಿಚಾರಕನಾಗಿದ್ದಾಗ ಒಬ್ಬ ಸಹಾಯಕರಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಬಂದಿತ್ತು: ‘ಸರ್, ನಾಳೆ ಬರಲ್ಲ.’ ಬೆಳಿಗ್ಗೆ ಎದ್ದು ಓದಿದೆ. ನಾಳೆ ತಾನೇ, ಇವತ್ತು ಇರುತ್ತಾರೆ ಎಂದುಕೊಂಡು ಕಚೇರಿಗೆ ಹೋದೆ. ಹನ್ನೊಂದಾದರೂ ಅವರ ಕುರ್ಚಿ ಖಾಲಿ. ಅವರು ಅದನ್ನು ಕಳಿಸಿದ್ದು ರಾತ್ರಿ ಹನ್ನೆರಡು ಕಳೆದು ಇಪ್ಪತ್ತು ನಿಮಿಷಕ್ಕೆ. ಇನ್ನೂ ಮಲಗದ ಅವರ ಪಾಲಿಗೆ ‘ನಾಳೆ’ ಎಂದರೆ ಬೆಳಗಾದರೆ ಬರುವ ದಿನ. ಎದ್ದು ಓದಿದ ನನ್ನ ಪಾಲಿಗೆ ಅದರ ಮರುದಿನ. ಆ ದಿನ ಪಹಣಿ ತಿದ್ದುಪಡಿಗೆಂದು ಹಳ್ಳಿಗಳಿಂದ ಬಂದವರು ಕಡತ ಸಿಗದೆ ವಾಪಸ್ ಹೋದರು. ಬೀರುವಿನ ಕೀಲಿ ಅವರ ಜೇಬಿನಲ್ಲಿತ್ತು.

ರಜೆ ಕೇಳುವ ಎರಡು ಬರಹಗಳ ನಡುವಿನ ಅಂತರವನ್ನು ನಾನು ಗಮನಿಸತೊಡಗಿದ್ದು ಅಂದಿನಿಂದ. ಅರ್ಜಿ ಗಂಭೀರ, ಮೆಸೇಜು ಸಲೀಸು ಎಂದಷ್ಟೇ ಹೇಳಿದರೆ ಸಾಲದು. ಮೆಸೇಜನ್ನು ಓದುವವರು ಒಬ್ಬರೇ, ಓದುವುದೂ ಈಗಲೇ. ಅರ್ಜಿಯನ್ನು ಸಾಹೇಬರು ಓದುತ್ತಾರೆ, ರಜೆ ವಹಿ ಬರೆಯುವವರು ಓದುತ್ತಾರೆ, ಹಾಜರಿ ತಾಳೆ ನೋಡುವವರು ಓದುತ್ತಾರೆ. ಮುಂದೆ ತಕರಾರೆದ್ದರೆ, ನಿಮ್ಮ ಮುಖ ಪರಿಚಯವೇ ಇಲ್ಲದ ಇನ್ನೊಬ್ಬ ಅಧಿಕಾರಿಯೂ ಓದುತ್ತಾರೆ. ಅದಕ್ಕೇ ಅರ್ಜಿಯಲ್ಲಿ ‘ನಾಳೆ’, ‘ಮೊನ್ನೆ’, ‘ಈ ವಾರ’ ಎಂಬ ಮಾತುಗಳಿಗೆ ಜಾಗವಿಲ್ಲ. ಅಲ್ಲಿ ದಿನಾಂಕವೇ ಮಾತಾಡಬೇಕು.

ಒಂದು ಪ್ರಸಂಗ ನೋಡೋಣ. ದ್ವಿತೀಯ ದರ್ಜೆ ಸಹಾಯಕಿಯೊಬ್ಬರ ತಾಯಿ ಸೋಮವಾರ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಅನ್ನಿ. ಮಗಳು ರಾತ್ರೋರಾತ್ರಿ ಹಾಸನದ ಆಸ್ಪತ್ರೆಗೆ ಕರೆದೊಯ್ದಿದ್ದಾರೆ. ಬೆಳಿಗ್ಗೆ ಏಳಕ್ಕೆ ಅವರು ಕಳಿಸಬೇಕಾದ ಮೆಸೇಜು ಹೀಗಿದ್ದರೆ ಸಾಕು:

‘ನಮಸ್ತೆ ಸರ್. ರಾತ್ರಿ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದಿದೆ. ಹಾಸನದ ಆಸ್ಪತ್ರೆಯಲ್ಲಿದ್ದೀವಿ. ಇವತ್ತು ಮಂಗಳವಾರ, ನಾಳೆ ಬುಧವಾರ ಬರೋಕಾಗಲ್ಲ ಸರ್. ಬೀರು ಕೀಲಿ ಪಕ್ಕದ ಟೇಬಲ್ಲಿನ ಮೇಡಂ ಹತ್ರ ಇದೆ. ಬಂದ ತಕ್ಷಣ ಅರ್ಜಿ ಕೊಡ್ತೀನಿ.’

ಇದರಲ್ಲಿ ‘ಮಾನ್ಯರೇ’ ಇಲ್ಲ, ‘ತಮ್ಮಲ್ಲಿ’ ಇಲ್ಲ, ಆದರೂ ಮರ್ಯಾದೆಗೆ ಕೊರತೆಯಿಲ್ಲ. ಆ ಕೆಲಸವನ್ನು ‘ಸರ್’ ಮಾಡುತ್ತಿದೆ. ಅದಕ್ಕಿಂತ ಹೆಚ್ಚಾಗಿ ‘ಬರೋಕಾಗಲ್ಲ’ ಮಾಡುತ್ತಿದೆ. ‘ಬರಲ್ಲ’ ಎಂದರೆ ನನ್ನ ತೀರ್ಮಾನ, ನಿಮಗೆ ತಿಳಿಸಿದ್ದೇನೆ ಅಷ್ಟೇ ಎಂದಂತೆ. ‘ಬರೋಕಾಗಲ್ಲ’ ಎಂದಾಗ ತಪ್ಪಿಸುತ್ತಿರುವುದು ಪರಿಸ್ಥಿತಿ, ನಾನಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ‘ರಜೆ ಬೇಕು ಸರ್’ ಮತ್ತು ‘ರಜೆ ಬೇಕಿತ್ತು ಸರ್’ ಇವುಗಳ ನಡುವೆಯೂ ಇದೇ ವ್ಯತ್ಯಾಸ. ಬೇಕಾಗಿರುವುದು ಇವತ್ತೇ ಆದರೂ ಕ್ರಿಯಾಪದವನ್ನು ಭೂತಕಾಲಕ್ಕೆ ಸರಿಸಿದ ಕೂಡಲೇ ಒತ್ತಾಯ ಇಳಿದು ಕೋರಿಕೆಯಾಗುತ್ತದೆ. ಇದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ, ಆದರೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ಪಕ್ಕದ ಮನೆ ಬಾಗಿಲಲ್ಲಿ ನಾವೆಲ್ಲ ಹೀಗೆಯೇ ಕೇಳುತ್ತೇವೆ. ಫೋನಿನಲ್ಲಿ ಬೆರಳಾಡಿಸುವ ಅವಸರಕ್ಕೆ ಮಾತ್ರ ಇದು ಕೈತಪ್ಪುತ್ತದೆ.

ಮೂರು ದಿನ ಕಳೆದು ಶುಕ್ರವಾರ ಅವರು ಕೆಲಸಕ್ಕೆ ಹಾಜರಾಗಿ ಅರ್ಜಿ ಬರೆಯುತ್ತಾರೆ. ಎಡಕ್ಕೆ ‘ಇಂದ’, ಅದರಡಿ ಹೆಸರು, ಹುದ್ದೆ, ಕಚೇರಿ. ನಂತರ ‘ಗೆ’, ತಹಶೀಲ್ದಾರರು. ‘ಮಾನ್ಯರೇ’ ಆದ ಮೇಲೆ ವಿಷಯ: ‘ಮೂರು ದಿನಗಳ ಸಾಂದರ್ಭಿಕ ರಜೆ ಮಂಜೂರು ಮಾಡುವ ಬಗ್ಗೆ.’ ಒಕ್ಕಣೆ ಇಷ್ಟು:

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ತಾಯಿಯವರು ದಿನಾಂಕ 07-07-2025ರ ರಾತ್ರಿ ಬಿದ್ದು ಸೊಂಟದ ಮೂಳೆ ಮುರಿದಿದ್ದರಿಂದ ಅವರನ್ನು ಹಾಸನದ ಆಸ್ಪತ್ರೆಗೆ ದಾಖಲಿಸಬೇಕಾಯಿತು. ಈ ವಿಷಯವನ್ನು ಮರುದಿನ ಬೆಳಿಗ್ಗೆಯೇ ಸಂದೇಶದ ಮೂಲಕ ತಿಳಿಸಿರುತ್ತೇನೆ. ಆದ್ದರಿಂದ ದಿನಾಂಕ 08-07-2025ರಿಂದ 10-07-2025ರವರೆಗೆ ಎರಡೂ ದಿನ ಸೇರಿ ಒಟ್ಟು 3 ದಿನಗಳ ಸಾಂದರ್ಭಿಕ ರಜೆಯನ್ನು ಮಂಜೂರು ಮಾಡಬೇಕೆಂದು ಹಾಗೂ ಸದರಿ ದಿನಗಳಂದು ಕೇಂದ್ರಸ್ಥಾನ ಬಿಟ್ಟಿದ್ದಕ್ಕೆ ಅನುಮತಿ ನೀಡಬೇಕೆಂದು ತಮ್ಮಲ್ಲಿ ಕೋರುತ್ತೇನೆ.’

ಮೆಸೇಜಿನಲ್ಲಿ ‘ಕೊಡ್ತೀನಿ’ ಎಂದವರು ಇಲ್ಲಿ ‘ತಿಳಿಸಿರುತ್ತೇನೆ’ ಎನ್ನುತ್ತಾರೆ. ಮನೆಯಲ್ಲಿ ಯಾರೂ ‘ಊಟ ಮಾಡಿರುತ್ತೇನೆ’ ಎನ್ನುವುದಿಲ್ಲ. ಇದು ಕಡತದ ಕನ್ನಡ. ಆಗಿಹೋದ ಕೆಲಸ ಮುಂದೆ ಯಾರು ಯಾವಾಗ ಓದಿದರೂ ದಾಖಲೆಯಾಗಿ ನಿಲ್ಲಲಿ ಎಂಬುದು ಆ ರೂಪದ ಹಿಂದಿರುವ ಉದ್ದೇಶ. ಹಾಗೆಯೇ, ಮೆಸೇಜಿನಲ್ಲಿ ಒರಟಾಗಿ ಕೇಳಿಸುವ ‘ಬೇಕು’ ಇಲ್ಲಿ ‘ಮಾಡಬೇಕೆಂದು ಕೋರುತ್ತೇನೆ’ ಎಂಬುದರೊಳಗೆ ಸೇರಿ ಮೆತ್ತಗಾಗಿದೆ.

ಅರ್ಜಿ ಇಷ್ಟು ಬಾಗಿ ಕೇಳುವುದು ಗುಲಾಮಗಿರಿ ಎಂದು ಕೆಲವು ಕಿರಿಯರು ನನ್ನೊಡನೆ ವಾದಿಸಿದ್ದಾರೆ. ನಾನು ಒಪ್ಪುವುದಿಲ್ಲ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ ಪ್ರಕಾರ ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ, ಮಂಜೂರು ಮಾಡುವ ಅಧಿಕಾರ ಮೇಲಿನವರದು. ‘ರಜೆ’ ಎಂಬ ಶಬ್ದವೇ ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ಅದರ ಅರ್ಥ ಒಪ್ಪಿಗೆ. ‘ಕೋರುತ್ತೇನೆ’ ಎಂಬುದು ಆ ನಿಯಮಕ್ಕೆ ತಕ್ಕ ಮಾತು. ಆದರೆ ‘ತಮ್ಮ ಪಾದಾರವಿಂದಗಳಲ್ಲಿ’, ‘ದಯಾಳುಗಳಾದ ತಾವು’ ಎಂದೆಲ್ಲ ಬರೆಯುವುದು ಬೇಡವೇ ಬೇಡ. ನಿಯಮ ಅದನ್ನು ಕೇಳುವುದಿಲ್ಲ, ಓದುವವರಿಗೂ ಮುಜುಗರ.

ನಾನು ಹೆಚ್ಚು ಕಂಡ ತಪ್ಪು ಎಂದರೆ ಎರಡರ ಧಾಟಿ ಅದಲುಬದಲಾಗುವುದು. ಆಸ್ಪತ್ರೆಯ ವರಾಂಡದಿಂದ ‘ಮಾನ್ಯರೇ, ಅನಿವಾರ್ಯ ಕಾರಣಗಳಿಂದ ಕಚೇರಿಗೆ ಹಾಜರಾಗಲು ಸಾಧ್ಯವಾಗುತ್ತಿಲ್ಲವೆಂದು ಈ ಮೂಲಕ ತಿಳಿಯಪಡಿಸುತ್ತೇನೆ’ ಎಂದು ಬಂದರೆ ಓದಿದವರಿಗೆ ಏನಾಯಿತು, ಎಷ್ಟು ದಿನ, ಕೀಲಿ ಎಲ್ಲಿ ಎಂಬುದೊಂದೂ ತಿಳಿಯುವುದಿಲ್ಲ. ದಿನವೂ ಎದುರು ಕೂತವರು ಇದ್ದಕ್ಕಿದ್ದಂತೆ ದೂರದವರಾದಂತೆ ಅನ್ನಿಸುತ್ತದೆ, ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನವೂ ಹುಟ್ಟುತ್ತದೆ. ಇನ್ನು ಅರ್ಜಿಯಲ್ಲಿ ಅಮ್ಮನ ನೋವು, ರಾತ್ರಿ ವಾಹನ ಸಿಗದ ಪಾಡು ಎಲ್ಲ ಒಂದು ಪುಟ ತುಂಬಿ, ದಿನಾಂಕವೇ ಇಲ್ಲದಿದ್ದರೆ, ಗುಮಾಸ್ತರು ಅದನ್ನು ಹಿಡಿದು ಮತ್ತೆ ಮೇಜಿನ ಬಳಿಗೆ ಬರುತ್ತಾರೆ. ನೋವನ್ನು ಹೇಳಿಕೊಳ್ಳಬೇಕಾದ ಜಾಗ ಮೆಸೇಜು. ಅಲ್ಲಿ ಅದಕ್ಕೆ ‘ಅಮ್ಮನ್ನ ನೋಡ್ಕೊಳ್ಳಿ, ಇಲ್ಲಿದು ನಾವು ನೋಡ್ಕೋತೀವಿ’ ಎಂಬ ಉತ್ತರ ಬರುತ್ತದೆ. ಅರ್ಜಿಗೆ ಬರುವ ಉತ್ತರ ಮೂಲೆಯಲ್ಲೊಂದು ‘ಮಂಜೂರು’ ಮತ್ತು ಸಹಿ.

ಮೆಸೇಜಿಗೆ ಸಾಹೇಬರು ಹೆಬ್ಬೆರಳಿನ ಗುರುತು ಒತ್ತಿದರೆಂದು ರಜೆ ಮಂಜೂರಾಯಿತು ಎಂದುಕೊಳ್ಳಬೇಡಿ. ನೋಡಿದ್ದೇನೆ ಎಂಬುದಕ್ಕಷ್ಟೇ ಅದು ಗುರುತು. ರಾಜ್ಯ ಸರ್ಕಾರ 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು, ಅದಕ್ಕೆ ಬದಲಾಗಿ ವರ್ಷದ ಸಾಂದರ್ಭಿಕ ರಜೆಯನ್ನು 15ರಿಂದ 10 ದಿನಕ್ಕೆ ಇಳಿಸಿತು. ಹತ್ತರಲ್ಲಿ ಎಷ್ಟು ಉಳಿಯಿತು ಎಂಬ ಲೆಕ್ಕ ನಡೆಯುವುದು ಅರ್ಜಿಯ ಮೇಲೆ, ಫೋನಿನ ಮೇಲಲ್ಲ. ಅಷ್ಟರಲ್ಲಿ ಸಾಹೇಬರಿಗೆ ವರ್ಗವಾದರೆ ಅವರ ಫೋನೂ ಅವರ ಜೊತೆಗೇ ಹೋಗುತ್ತದೆ. ಅರ್ಜಿ ಕೊಡದವರ ದಿನಗಳು ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯಾಗಿಯೇ ಉಳಿದುಬಿಡಬಹುದು.

ಆದ್ದರಿಂದ, ಇವತ್ತು ಕಚೇರಿಗೆ ಹೋಗಲಾಗದಿದ್ದರೆ ಒಂಬತ್ತಕ್ಕೆ ಮೊದಲೇ, ವಾರದ ಹೆಸರು ಹಾಕಿ, ಮಾತಾಡುವ ಕನ್ನಡದಲ್ಲೇ ನಾಲ್ಕು ಸಾಲು ಕಳಿಸಿ. ಮರಳಿದ ದಿನ ಮೊದಲ ಕೆಲಸವಾಗಿ ದಿನಾಂಕ ಹಾಕಿದ ಅರ್ಜಿ ಕೊಡಿ.