ಆನ್‌ಲೈನ್ ಅರ್ಜಿಯ ಭಾವಚಿತ್ರ: ಮುಖ ಕೆಡದಂತೆ 50 ಕೆ.ಬಿ. ಮಿತಿಗೆ ಇಳಿಸುವ ಕ್ರಮ

ಆನ್‌ಲೈನ್ ಅರ್ಜಿಗಳಲ್ಲಿ ಭಾವಚಿತ್ರದ ಅಂಕಣದ ಕೆಳಗೆ ಸಾಮಾನ್ಯವಾಗಿ ಒಂದು ಸೂಚನೆ ಇರುತ್ತದೆ: ಜೆಪಿಜಿ ಮಾದರಿ, ಇಷ್ಟು ಕೆ.ಬಿ.ಗಿಂತ ಹೆಚ್ಚಿರಬಾರದು. ಮೊಬೈಲ್‌ನಲ್ಲಿ ತೆಗೆದ ಚಿತ್ರವೋ ಮೂರು ನಾಲ್ಕು ಎಂ.ಬಿ. ಇರುತ್ತದೆ. ಹೇಗಾದರೂ ಗಾತ್ರ ಇಳಿಸಿದರೆ ಸಾಕೆಂದು ಆತುರಪಟ್ಟಾಗ ಚಿತ್ರವೇನೋ ಸ್ವೀಕೃತವಾಗುತ್ತದೆ, ಆದರೆ ಮುಖ ಚೌಕಚೌಕವಾಗಿ ಒಡೆದು ಗುರುತಿಸಲಾಗದಂತಾಗುತ್ತದೆ. ಇದು ಪರಿಶೀಲನೆಯ ಹಂತದಲ್ಲಿ ಕಂಡುಬಂದರೆ ಅರ್ಜಿ ಹಿಂದಿರುಗಬಹುದು. ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರಲೂಬಹುದು. ಆದ್ದರಿಂದ ಗಾತ್ರ ಇಳಿಸುವ ಸರಿಯಾದ ಅನುಕ್ರಮವನ್ನು ತಿಳಿದಿರುವುದು ಒಳಿತು. ಅದು ಹೀಗಿದೆ: ಮೊದಲು ಕತ್ತರಿಸಬೇಕು, ನಂತರ ಅಳತೆ ಕುಗ್ಗಿಸಬೇಕು, ಗುಣಮಟ್ಟವನ್ನು ಕೊನೆಯಲ್ಲಿ ಮಾತ್ರ ಹೊಂದಿಸಬೇಕು.

ಮುಖ ಒಡೆಯುವುದೇಕೆ?

ಡಿಜಿಟಲ್ ಚಿತ್ರವೆಂದರೆ ಬಣ್ಣದ ಸಣ್ಣ ಬಿಂದುಗಳ ಸಾಲು. ಇವುಗಳಿಗೆ ಪಿಕ್ಸೆಲ್ ಎಂದು ಹೆಸರು. 3000 ಅಗಲ ಮತ್ತು 4000 ಎತ್ತರದ ಮೊಬೈಲ್ ಚಿತ್ರದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಜೆಪಿಜಿ ವಿಧಾನವು ಇವನ್ನು ಉದ್ದಕ್ಕೆ 8, ಅಗಲಕ್ಕೆ 8ರಂತೆ ಚಿಕ್ಕ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ವಿವರವನ್ನೂ ಸಂಕ್ಷೇಪಿಸಿ ಬರೆದಿಡುತ್ತದೆ. ಮೇಲಿನ ಚಿತ್ರದಲ್ಲಿ ಇಂತಹ 1,87,500 ಚೌಕಗಳಾಗುತ್ತವೆ.

50 ಕೆ.ಬಿ. ಎಂದರೆ 51,200 ಬೈಟ್. ಅಳತೆಯನ್ನು ಹಾಗೆಯೇ ಬಿಟ್ಟು ಗುಣಮಟ್ಟವನ್ನು ಮಾತ್ರ ತಗ್ಗಿಸಿದರೆ ಒಂದು ಚೌಕಕ್ಕೆ ಕಾಲು ಬೈಟ್‌ನಷ್ಟು ಮಾತ್ರ ಸಿಗುತ್ತದೆ. ಅಷ್ಟರಲ್ಲಿ ಚೌಕದ ಸರಾಸರಿ ಬಣ್ಣವನ್ನು ಬರೆಯುವುದೂ ಕಷ್ಟ. ಕಣ್ಣಿನ ರೆಪ್ಪೆ, ಮೀಸೆ, ಕೂದಲಿನ ಅಂಚು ಉಳಿಯುವುದಿಲ್ಲ. ಅದೇ ಚಿತ್ರವನ್ನು 350 ಅಗಲ, 450 ಎತ್ತರಕ್ಕೆ ಕುಗ್ಗಿಸಿದರೆ ಚೌಕಗಳು ಸುಮಾರು 2,500ಕ್ಕೆ ಇಳಿಯುತ್ತವೆ ಮತ್ತು ಪ್ರತಿ ಚೌಕಕ್ಕೆ ಸುಮಾರು 20 ಬೈಟ್ ದೊರೆಯುತ್ತದೆ. ಒಂದೇ ಬುಟ್ಟಿ ಗೊಬ್ಬರವನ್ನು ಎಕರೆ ಹೊಲಕ್ಕೆ ಎರಚುವುದಕ್ಕೂ ಒಂದು ಸಸಿಮಡಿಗೆ ಹಾಕುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಅರ್ಜಿಯಲ್ಲಿ ಭಾವಚಿತ್ರವು ಅಂಚೆಚೀಟಿಗಿಂತ ತುಸು ದೊಡ್ಡದಾಗಿ ಕಾಣುವುದರಿಂದ, ಅಳತೆ ಕುಗ್ಗಿದ್ದು ಕಣ್ಣಿಗೆ ತಿಳಿಯುವುದಿಲ್ಲ.

ಒಂದು ಉದಾಹರಣೆ

ಸಿರಿಗೆರೆಯ ಅಡಿಕೆ ಬೆಳೆಗಾರರೊಬ್ಬರು ಸಹಾಯಧನಕ್ಕೆ ಅರ್ಜಿ ಸಲ್ಲಿಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಭಾವಚಿತ್ರ 3.5 × 4.5 ಸೆಂ.ಮೀ. ಆಕಾರದ ಜೆಪಿಜಿ ಆಗಿರಬೇಕು, ಗಾತ್ರ 20ರಿಂದ 50 ಕೆ.ಬಿ. ಒಳಗಿರಬೇಕು ಎಂಬ ಸೂಚನೆ ಅರ್ಜಿಯಲ್ಲಿದೆ. ಅವರ ಬಳಿ ಇರುವುದು 3000 × 4000 ಪಿಕ್ಸೆಲ್‌ನ, 3.6 ಎಂ.ಬಿ. ಗಾತ್ರದ ಮೊಬೈಲ್ ಚಿತ್ರ. ಅವರು ಕೆಳಗಿನ ಕ್ರಮ ಅನುಸರಿಸಬಹುದು.

1. ಮೂಲ ಚಿತ್ರದ ಪ್ರತಿ ಮಾಡಿಕೊಳ್ಳುವುದು. ಮೂಲವನ್ನು ಹಾಗೆಯೇ ಉಳಿಸಿ, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು.

2. ಕತ್ತರಿಸುವುದು. ಮೊಬೈಲ್‌ನ ಗ್ಯಾಲರಿಯಲ್ಲಿ ಕ್ರಾಪ್ ಆಯ್ಕೆಯನ್ನು ಬಳಸಿ ತಲೆಯಿಂದ ಭುಜದವರೆಗಿನ ಭಾಗವನ್ನಷ್ಟೇ ಉಳಿಸಿಕೊಳ್ಳಬೇಕು. ಈಗ ಚಿತ್ರ ಸುಮಾರು 1400 × 1800 ಪಿಕ್ಸೆಲ್ ಆಗಿದೆ. ಅರ್ಜಿಗೆ ಬೇಡವಾದ ಗೋಡೆ, ಅಂಗಳಗಳು ಹೊರಟುಹೋದವು. ಮುಖದ ಒಂದು ಬಿಂದುವೂ ನಷ್ಟವಾಗಿಲ್ಲ.

3. ಅಳತೆ ಕುಗ್ಗಿಸುವುದು. ಮೊಬೈಲ್ ಬ್ರೌಸರ್‌ನಲ್ಲಿ squoosh.app ತೆರೆದು ಚಿತ್ರವನ್ನು ಆರಿಸಬೇಕು. ಇಲ್ಲಿ ಚಿತ್ರವು ನಿಮ್ಮ ಮೊಬೈಲ್‌ನಲ್ಲಿಯೇ ಸಂಸ್ಕರಣೆಗೊಳ್ಳುತ್ತದೆ, ಬೇರೆಡೆಗೆ ರವಾನೆಯಾಗುವುದಿಲ್ಲ. Resize ಆಯ್ಕೆಯನ್ನು ಚಾಲನೆಗೊಳಿಸಿ, Width ಎಂಬಲ್ಲಿ 350 ಎಂದು ನಮೂದಿಸಬೇಕು. Maintain aspect ratio ಗುರುತಾಗಿದ್ದರೆ ಎತ್ತರ ತಾನಾಗಿಯೇ 450ರ ಸಮೀಪಕ್ಕೆ ಬರುತ್ತದೆ. ಈ ಗುರುತನ್ನು ತೆಗೆದು ಎರಡನ್ನೂ ಮನಬಂದಂತೆ ತುಂಬಿದರೆ ಮುಖ ಅಗಲವಾಗಿಯೋ ಉದ್ದವಾಗಿಯೋ ಎಳೆದಂತೆ ಕಾಣುತ್ತದೆ.

4. ಗುಣಮಟ್ಟ ಹೊಂದಿಸುವುದು. Compress ಎಂಬಲ್ಲಿ MozJPEG ಆರಿಸಿ, Quality ಅನ್ನು 85ಕ್ಕೆ ಇಡಬೇಕು. ಇಷ್ಟಕ್ಕೆ ಚಿತ್ರ ಸಾಮಾನ್ಯವಾಗಿ 20ರಿಂದ 40 ಕೆ.ಬಿ. ನಡುವೆ ನಿಲ್ಲುತ್ತದೆ. ಗಾತ್ರ ಪರದೆಯ ಮೇಲೆಯೇ ಕಾಣುತ್ತದೆ. 20 ಕೆ.ಬಿ.ಗಿಂತ ಕಡಿಮೆಯಾದರೆ 90 ಅಥವಾ 95ಕ್ಕೆ ಏರಿಸಬೇಕು. 50 ಮೀರಿದರೆ 75ರವರೆಗೆ ಇಳಿಸಬಹುದು. ಕೆಲವು ತಂತ್ರಾಂಶಗಳು ಕೆ.ಬಿ.ಯನ್ನು 1000 ಬೈಟ್ ಎಂದೂ ಕೆಲವು 1024 ಬೈಟ್ ಎಂದೂ ಎಣಿಸುವುದರಿಂದ, ಮಿತಿ 50 ಇದ್ದಲ್ಲಿ 48ರೊಳಗೆ ನಿಲ್ಲಿಸುವುದು ಕ್ಷೇಮ.

5. ಉಳಿಸಿ ಪರೀಕ್ಷಿಸುವುದು. ಚಿತ್ರವನ್ನು ಡೌನ್‌ಲೋಡ್ ಮಾಡಿ, ಪೂರ್ಣ ಅಳತೆಯಲ್ಲಿ ತೆರೆದು ಕಣ್ಣು, ಕೂದಲಿನ ಅಂಚು ಹಾಗೂ ಅಂಗಿಯ ಕಾಲರ್ ಗಮನಿಸಬೇಕು. ಅಂಚುಗಳ ಸುತ್ತ ಮಬ್ಬಾದ ಚುಕ್ಕೆಗಳೋ ಕೆನ್ನೆಯ ಮೇಲೆ ಚೌಕಗಳೋ ಕಂಡರೆ ಗುಣಮಟ್ಟ ಅತಿಯಾಗಿ ಇಳಿದಿದೆ ಎಂದರ್ಥ. ಆಗ ಮೂಲ ಪ್ರತಿಯಿಂದಲೇ ಪುನಃ ಆರಂಭಿಸಬೇಕು.

ಕಂಪ್ಯೂಟರ್‌ನಲ್ಲಿ ಅನೇಕ ರೈತರ ಚಿತ್ರಗಳನ್ನು ಸಿದ್ಧಪಡಿಸುವ ವಿಸ್ತರಣಾ ಕಾರ್ಯಕರ್ತರು ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದು. ಕತ್ತರಿಸಿದ ಚಿತ್ರಕ್ಕೆ ಈ ಒಂದು ಆದೇಶ ಸಾಕು:

```
magick photo.jpg -auto-orient -resize 350x450 -strip -quality 85 form.jpg
```

ಇಲ್ಲಿ `-auto-orient` ಎಂಬುದು ಅಡ್ಡ ಮಲಗಿದ ಚಿತ್ರವನ್ನು ನೆಟ್ಟಗೆ ನಿಲ್ಲಿಸುತ್ತದೆ. `-strip` ಎಂಬುದು ಚಿತ್ರದೊಳಗೆ ಅಡಗಿರುವ ಸ್ಥಳ, ಸಮಯ ಮುಂತಾದ ಹೆಚ್ಚುವರಿ ಮಾಹಿತಿಯನ್ನು ತೆಗೆಯುತ್ತದೆ.

ಎಲ್ಲಿ ತಪ್ಪುತ್ತದೆ?

ಕ್ರಮ ಸರಿಯಿದ್ದರೂ ಗಾತ್ರ ಇಳಿಯದಿದ್ದರೆ ಹಿನ್ನೆಲೆಯನ್ನು ನೋಡಬೇಕು. ಮೆಕ್ಕೆಜೋಳದ ಹೊಲದ ಮುಂದೆಯೋ ತೋಟದ ನೆರಳಲ್ಲಿಯೋ ನಿಂತು ತೆಗೆದ ಚಿತ್ರದಲ್ಲಿ ಪ್ರತಿ ಎಲೆಯ ಅಂಚೂ ಬೈಟ್‌ಗಳನ್ನು ಕಬಳಿಸುತ್ತದೆ. ಮುಖಕ್ಕೆ ಉಳಿಯುವುದು ಕಡಿಮೆ. ಬಿಳಿ ಅಥವಾ ತಿಳಿ ಬಣ್ಣದ ಗೋಡೆಯ ಮುಂದೆ, ಹಗಲಿನ ಬೆಳಕಿನಲ್ಲಿ ತೆಗೆದ ಚಿತ್ರ ಅದೇ ಗುಣಮಟ್ಟದಲ್ಲಿ ಕಡಿಮೆ ಗಾತ್ರಕ್ಕೆ ಬರುತ್ತದೆ. ಮಂದ ಬೆಳಕಿನಲ್ಲಿ ತೆಗೆದ ಚಿತ್ರದ ಕಾಳುಕಾಳಾದ ಚುಕ್ಕೆಗಳೂ ಗಾತ್ರವನ್ನು ಹೆಚ್ಚಿಸುತ್ತವೆ.

ಎರಡನೆಯ ತಪ್ಪು, ಕುಗ್ಗಿಸಿದ್ದನ್ನೇ ಮತ್ತೆ ಮತ್ತೆ ಕುಗ್ಗಿಸುವುದು. ಜೆಪಿಜಿ ಚಿತ್ರವನ್ನು ತಿದ್ದಿ ಉಳಿಸಿದಾಗಲೆಲ್ಲ ಸ್ವಲ್ಪ ವಿವರ ಕಳೆದುಹೋಗುತ್ತದೆ. ಕಳೆದದ್ದು ಮರಳಿ ಬಾರದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದ ಚಿತ್ರವು ಆಗಲೇ ಒಮ್ಮೆ ಸಂಕ್ಷೇಪಗೊಂಡಿರುತ್ತದೆ. ಸೇವಾ ಕೇಂದ್ರಕ್ಕೆ ಚಿತ್ರ ಕಳುಹಿಸುವಾಗ ಡಾಕ್ಯುಮೆಂಟ್ ಆಯ್ಕೆಯ ಮೂಲಕ ಕಳುಹಿಸಿದರೆ ಮೂಲ ಫೈಲ್ ಹಾಗೆಯೇ ತಲುಪುತ್ತದೆ.

ಮೂರನೆಯದು, ಹೆಸರು ಬದಲಿಸುವುದು. ಐಫೋನ್‌ನ ಎಚ್‌ಇಐಸಿ ಫೈಲ್ ಅಥವಾ ಸ್ಕ್ರೀನ್‌ಶಾಟ್‌ನ ಪಿಎನ್‌ಜಿ ಫೈಲ್‌ನ ಹೆಸರಿನ ಕೊನೆಗೆ `.jpg` ಎಂದು ಸೇರಿಸಿದ ಮಾತ್ರಕ್ಕೆ ಅದು ಜೆಪಿಜಿ ಆಗುವುದಿಲ್ಲ. ಜೆಪಿಜಿ ಮಾದರಿಯಲ್ಲಿಯೇ ಹೊಸದಾಗಿ ಉಳಿಸಬೇಕು.

ಈ ಕ್ರಮ ಎಲ್ಲಿಗೆ ಸಲ್ಲದು?

ಮೇಲಿನ ಅಳತೆ ಭಾವಚಿತ್ರಕ್ಕೆ ಮಾತ್ರ. ಪಹಣಿ, ಬ್ಯಾಂಕ್ ಪಾಸ್‌ಪುಸ್ತಕಗಳನ್ನು 350 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಅಕ್ಷರ ಓದಲಾಗದು. ಬೆಳೆ ಹಾನಿಯ ಚಿತ್ರದಲ್ಲಿ ಹೊಲದ ಸ್ಥಳದ ಮಾಹಿತಿಯೇ ಸಾಕ್ಷ್ಯವಾಗಿರಬಹುದು. ಇಂತಹ ತಂತ್ರಾಂಶಗಳು ಅದನ್ನು ಅಳಿಸಿಬಿಡುತ್ತವೆ. ಆದ್ದರಿಂದ ಹಾನಿಯ ಚಿತ್ರವನ್ನು ಕುಗ್ಗಿಸದೆ, ಸಂಬಂಧಿಸಿದ ಯೋಜನೆಯ ಆ್ಯಪ್ ಇದ್ದಲ್ಲಿ ಅದರಲ್ಲಿಯೇ ನೇರವಾಗಿ ತೆಗೆಯಬೇಕು.