ಓಗೊಟ್ಟರಷ್ಟೇ ತಲುಪಿದ ಲೆಕ್ಕ

ಹಜಾರದಲ್ಲಿ ವಿಡಿಯೊ ನೋಡುತ್ತಿದ್ದವರು ಮೊಬೈಲ್ ಹಿಡಿದೇ ಅಡುಗೆಮನೆಗೆ ನಡೆಯುತ್ತೀರಿ. ನಡುವೆ ಎರಡು ಗೋಡೆ ಬಂದರೂ ವಿಡಿಯೊ ನಿಲ್ಲುವುದಿಲ್ಲ. ಆ ಹತ್ತು ಹೆಜ್ಜೆಗಳಲ್ಲಿ ರೌಟರ್ ಹಲವು ಸಲ ತನ್ನ ವೇಗ ಬದಲಿಸಿರುತ್ತದೆ.

ವೈಫೈ ಮಾಹಿತಿಯನ್ನು ಫ್ರೇಮ್‌ಗಳೆಂಬ ತುಂಡುಗಳಾಗಿ ಕಳಿಸುತ್ತದೆ. ಒಂದೊಂದು ಫ್ರೇಮನ್ನೂ ಒಂದೊಂದು ವೇಗದಲ್ಲಿ ಕಳಿಸಬಹುದು. ಲೆಕ್ಕ ಸುಲಭವಾಗಲೆಂದು ಹಳೆಯ 802.11ಜಿ ಬಗೆಯನ್ನೇ ನೋಡೋಣ. ಅದರಲ್ಲಿ ಸೆಕೆಂಡಿಗೆ 6ರಿಂದ 54 ಮೆಗಾಬಿಟ್‌ವರೆಗೆ 8 ವೇಗಗಳಿವೆ. ತೀರಾ ನಿಧಾನದ ಮಾಡ್ಯುಲೇಷನ್‌ನಲ್ಲಿ ಅಲೆಗೆ ಎರಡೇ ರೂಪ, ಹಾಗಾಗಿ ಸದ್ದುಗದ್ದಲದ ನಡುವೆಯೂ ಗುರುತು ಸಿಗುತ್ತದೆ. ತೀರಾ ವೇಗದ್ದರಲ್ಲಿ 64 ರೂಪಗಳು. ಅವು ಒಂದಕ್ಕೊಂದು ಎಷ್ಟು ಹತ್ತಿರವೆಂದರೆ, ಸಿಗ್ನಲ್ ಸ್ವಲ್ಪ ಮಸುಕಾದರೂ ಒಂದನ್ನು ಇನ್ನೊಂದೆಂದು ಓದಿಬಿಡುವ ಸಂಭವ ಹೆಚ್ಚು.

ಯಾವುದನ್ನು ಆರಿಸಬೇಕು? ನಿಮ್ಮ ಮೊಬೈಲಿಗೆ ತನ್ನ ದನಿ ಎಷ್ಟು ಸ್ಪಷ್ಟವಾಗಿ ಕೇಳುತ್ತಿದೆಯೆಂದು ರೌಟರ್‌ಗೆ ನೇರವಾಗಿ ತಿಳಿಯದು. ಫ್ರೇಮ್ ಸರಿಯಾಗಿ ತಲುಪಿದರೆ ಮೊಬೈಲ್ ತಕ್ಷಣ ಪುಟ್ಟ ಸ್ವೀಕೃತಿ ಕಳಿಸಿ ಓಗೊಡುತ್ತದೆ, ತಲುಪದಿದ್ದರೆ ಮೌನ. ಲಿನಕ್ಸ್‌ನ ‘ಮಿನ್‌ಸ್ಟ್ರೆಲ್’ ಎಂಬ ವಿಧಾನದ ಮೂಲ ರೂಪ ಈ ಓಗೊಡುವಿಕೆಯನ್ನೇ ಎಣಿಸುತ್ತದೆ. ಬಹುಪಾಲು ಫ್ರೇಮ್‌ಗಳನ್ನು ಸದ್ಯದ ಉತ್ತಮ ವೇಗದಲ್ಲಿ ಕಳಿಸಿ, ಸುಮಾರು ಹತ್ತರಲ್ಲೊಂದನ್ನು ಬೇರೆ ವೇಗಗಳ ಪರೀಕ್ಷೆಗೆ ಮೀಸಲಿಡುತ್ತದೆ. ಒಂದು ವೇಗ ಸೋತರೆ ಅದೇ ಫ್ರೇಮನ್ನು ಎರಡನೆಯ ಉತ್ತಮ ವೇಗದಲ್ಲಿ ಮತ್ತೆ ಕಳಿಸುತ್ತದೆ.

ಅಡುಗೆಮನೆಯ ಬಾಗಿಲಲ್ಲಿ 54ರ ವೇಗದ ಫ್ರೇಮ್‌ಗಳಲ್ಲಿ ಶೇ. 30ರಷ್ಟು, 36ರಲ್ಲಿ ಶೇ. 90ರಷ್ಟು, 24ರಲ್ಲಿ ಶೇ. 99ರಷ್ಟು ತಲುಪುತ್ತಿವೆ ಎನ್ನಿ. ಗುಣಿಸಿದರೆ ಕೈಗೆ ಸಿಗುವುದು 16, 32, 24. ಗೆದ್ದದ್ದು 36. ನೀವು ಒಳಗೆ ಹೋದಿರಿ, 36ರ ಫ್ರೇಮ್‌ಗಳಿಗೆ ಉತ್ತರವೇ ಇಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ ಲೆಕ್ಕ ಪರಿಷ್ಕರಣೆಯಾಗುತ್ತದೆ. ಹಳೆಯ ಅನುಭವಕ್ಕೆ ಮುಕ್ಕಾಲು ತೂಕ, ಹೊಸದಕ್ಕೆ ಕಾಲು. 90 ಮೊದಲ ಸಲ 67.5ಕ್ಕೆ, ಎರಡನೇ ಸಲ 51ರ ಆಸುಪಾಸಿಗೆ ಇಳಿಯುತ್ತದೆ. 36ರ ಗಳಿಕೆ ಆಗ 18 ಮಾತ್ರ, ರೌಟರ್ 24ಕ್ಕೆ ಇಳಿಯುತ್ತದೆ.

ಮೌನಕ್ಕೆ ಇನ್ನೊಂದು ಕಾರಣವೂ ಇದೆ, ನಿಜವಾದ ತೊಡಕು ಅಲ್ಲಿಯೇ. ಪಕ್ಕದ ಮನೆಯ ರೌಟರ್ ಅದೇ ಕ್ಷಣ ಮಾತಾಡಿದರೆ ಫ್ರೇಮ್‌ಗಳು ಡಿಕ್ಕಿ ಹೊಡೆಯುತ್ತವೆ. 1997ರಲ್ಲಿ ಪ್ರಕಟವಾದ ಎಆರ್‌ಎಫ್ ವಿಧಾನ ಸತತ 2 ಸೋಲಿಗೇ ವೇಗ ಇಳಿಸುತ್ತಿತ್ತು. ಆದರೆ 1500 ಬೈಟ್‌ಗಳ ಫ್ರೇಮ್‌ಗೆ 54ರಲ್ಲಿ ಕಾಲು ಮಿಲಿಸೆಕೆಂಡ್ ಸಾಕು, 6ರಲ್ಲಿ 2 ಮಿಲಿಸೆಕೆಂಡ್ ಬೇಕು. ಎಂಟು ಪಟ್ಟು ಹೊತ್ತು ಗಾಳಿಯಲ್ಲಿದ್ದರೆ ಡಿಕ್ಕಿಯ ಸಂಭವವೂ ಹೆಚ್ಚು. ಮಿನ್‌ಸ್ಟ್ರೆಲ್‌ಗೂ ಡಿಕ್ಕಿ ಯಾವುದು, ದುರ್ಬಲ ಸಿಗ್ನಲ್ ಯಾವುದು ಎಂದು ತಿಳಿಯದು. ಆದರೆ ಎಲ್ಲ ವೇಗಗಳಿಗೂ ಡಿಕ್ಕಿಯ ಪೆಟ್ಟು ಬೀಳುವುದರಿಂದ, ಗಳಿಕೆಯ ಹೋಲಿಕೆ ಅದನ್ನು ಅಷ್ಟು ಬೇಗ ಕೆಳಕ್ಕೆ ತಳ್ಳುವುದಿಲ್ಲ.

ನಿಮ್ಮಲ್ಲಿ ಲಿನಕ್ಸ್ ಲ್ಯಾಪ್‌ಟಾಪ್ ಇದ್ದರೆ ಇದನ್ನು ಕೊಡಿ (ವೈಫೈಯ ಹೆಸರು ಬೇರೆಯಿದ್ದರೆ `wlan0` ಬದಲಿಸಿ):

```
iw dev wlan0 station dump
```

ನಿಮಿಷ ಬಿಟ್ಟು ಮತ್ತೆ ಕೊಟ್ಟು ನೋಡಿ. `signal` ಚೆನ್ನಾಗಿದ್ದೂ `tx retries` ಭರದಿಂದ ಏರುತ್ತಿದ್ದರೆ ದೂರವನ್ನು ದೂರಬೇಡಿ, ರೌಟರ್‌ನ ಚಾನೆಲ್ ಬದಲಿಸಿ ನೋಡಿ.